ಮುಟ್ಟಿನ ನೋವಿಗೆ ಗುಳಿಗೆ ಯಾವ ಹೊತ್ತಿಗೆ, ಕಾವು ಎಷ್ಟು ಹೊತ್ತು

ಗದಗದ ನನ್ನ ಔಷಧ ಅಂಗಡಿಗೆ ಮುಟ್ಟಿನ ಹೊಟ್ಟೆನೋವಿಗೆಂದು ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ನೋವು ತಡೆಯಲಾಗದಷ್ಟು ಏರಿದ ಮೇಲೆಯೇ ಬರುತ್ತಾರೆ. ಕೆಲವರು ತಾವು ಬರಲಾರದೆ ತಮ್ಮನನ್ನೋ ಅಪ್ಪನನ್ನೋ ಕಳಿಸುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು: "ಹೊಟ್ಟಿನೋವಿಂದು ಒಂದು ಗುಳಗಿ ಕೊಡ್ರಿ." ಇಪ್ಪತ್ತು ವರ್ಷಗಳಿಂದ ಈ ಮಾತು ಕೇಳುತ್ತಾ ಬಂದಿರುವ ನನಗೆ, ಗುಳಿಗೆ ನುಂಗಿದರೂ ನೋವು ಹೋಗಲಿಲ್ಲ ಎಂದು ಮರುತಿಂಗಳು ದೂರುವವರ ತೊಂದರೆ ಹೆಚ್ಚಾಗಿ ಎರಡೇ ಕಡೆ ಇರುತ್ತದೆ ಎಂಬುದು ಖಚಿತವಾಗಿದೆ. ಗುಳಿಗೆ ತಡವಾಗಿ ಹೊಟ್ಟೆ ಸೇರಿರುತ್ತದೆ, ಮತ್ತು ಒಂದಕ್ಕೇ ನಿಂತಿರುತ್ತದೆ. ಹೀಗೆ ಏಕೆ ಆಗುತ್ತದೆ ಎಂಬುದು ತಿಳಿಯಬೇಕಾದರೆ ಆ ಹೊತ್ತಿನಲ್ಲಿ ಗರ್ಭಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ನಾನು ಬರೆಯುತ್ತಿರುವುದು ಗರ್ಭಕೋಶದಲ್ಲಿ ಬೇರೆ ಯಾವ ರೋಗವೂ ಇಲ್ಲದಿದ್ದರೂ ಬರುವ ಮುಟ್ಟಿನ ನೋವಿನ ಬಗ್ಗೆ. ವೈದ್ಯಕೀಯದಲ್ಲಿ ಇದಕ್ಕೆ ಪ್ರೈಮರಿ ಡಿಸ್ಮೆನೋರಿಯಾ ಎನ್ನುತ್ತಾರೆ. ಇದರ ಚಹರೆ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಮೊದಲ ಮುಟ್ಟು ಬಂದು ಆರು ತಿಂಗಳಿಂದ ಒಂದೆರಡು ವರ್ಷದೊಳಗೆ ಇದು ಶುರುವಾಗುತ್ತದೆ. ಸ್ರಾವ ಕಾಣುವ ಕೆಲವು ಗಂಟೆ ಮೊದಲೋ ಅದರ ಜೊತೆಗೋ ಕಿಬ್ಬೊಟ್ಟೆಯಲ್ಲಿ ಬಿಟ್ಟುಬಿಟ್ಟು ಹಿಂಡಿದಂತೆ ನೋವು ಬಂದು, ಸೊಂಟಕ್ಕೂ ತೊಡೆಯ ಒಳಭಾಗಕ್ಕೂ ಇಳಿಯುತ್ತದೆ. ಮೊದಲ ದಿನ ಜೋರಾಗಿದ್ದು, ಎರಡು ದಿನ, ಹೆಚ್ಚೆಂದರೆ ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಜೊತೆಗೆ ವಾಂತಿ, ಭೇದಿ, ತಲೆನೋವು ಬರಬಹುದು. ಈ ಚಹರೆಗೆ ಹೊಂದದ ನೋವಿನ ಮಾತು ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ, ಮತ್ತು ಆ ಭಾಗವನ್ನು ಯಾರೂ ಬಿಡಬಾರದು ಎಂದು ಈಗಲೇ ಕೇಳಿಕೊಳ್ಳುತ್ತೇನೆ.

ನೋವು ಹುಟ್ಟುವ ಬಗೆ

ತಿಂಗಳ ನಡುವೆ ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರದ ಹೊತ್ತಿಗೆ ಅದು ದಿಢೀರನೆ ಇಳಿಯುತ್ತದೆ. ಆ ಇಳಿತದೊಂದಿಗೆ ಗರ್ಭಕೋಶದ ಒಳಪದರದ ಜೀವಕೋಶಗಳು ಸಡಿಲಗೊಂಡು ಒಡೆಯತೊಡಗುತ್ತವೆ, ಅವುಗಳ ಹೊರಪೊರೆಯಲ್ಲಿದ್ದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶ ಬಿಡುಗಡೆಯಾಗುತ್ತದೆ. ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವ ಇದನ್ನು ಹಿಡಿದು ಪ್ರೊಸ್ಟಗ್ಲಾಂಡಿನ್‌ ಎಂಬ ರಾಸಾಯನಿಕಗಳನ್ನಾಗಿ ಮಾರ್ಪಡಿಸುತ್ತದೆ. ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಸಂಕುಚಿಸುವ ವಸ್ತುವೊಂದಿದೆ ಎಂದು ಬ್ರಿಟನ್ನಿನ ಪಿಕಲ್ಸ್ ಎಂಬ ವಿಜ್ಞಾನಿ 1957ರಲ್ಲಿ ತೋರಿಸಿದ್ದು ಇದನ್ನೇ. ಆ ಮೊದಲು ಈ ನೋವನ್ನು ಹುಡುಗಿಯರ ಮನಸ್ಸಿನ ದೌರ್ಬಲ್ಯವೆಂದು ಬರೆದ ವೈದ್ಯರೂ ಇದ್ದರು. ಇಂದಿಗೂ ನಮ್ಮ ಮನೆಗಳಲ್ಲಿ "ನಮಗೇನು ಇಷ್ಟು ನೂಸತಿರಲಿಲ್ಲ" ಎಂಬ ಮಾತು ಕೇಳಿಬರುತ್ತದೆ. ಆದರೆ ತೀವ್ರ ನೋವಿರುವವರ ಸ್ರಾವವನ್ನು ಅಳೆದು ನೋಡಿದಾಗ, ನೋವಿಲ್ಲದವರಿಗಿಂತ ಹೆಚ್ಚು ಪ್ರೊಸ್ಟಗ್ಲಾಂಡಿನ್ ಕಂಡುಬಂದಿದೆ. ತಾಯಿಗೆ ಇರದಿದ್ದ ನೋವು ಮಗಳಿಗೆ ಇದ್ದರೆ ಅದಕ್ಕೆ ಕಾರಣ ಮಗಳ ಗರ್ಭಕೋಶದಲ್ಲಿದೆ, ಅವಳ ಧೈರ್ಯದಲ್ಲಿ ಅಲ್ಲ.

ಇವುಗಳಲ್ಲಿ ಎಫ್2 ಆಲ್ಫಾ ಎಂಬ ಬಗೆಯದು ಗರ್ಭಕೋಶದ ಸ್ನಾಯುವನ್ನು ಬಿಗಿಯುತ್ತದೆ, ಅಲ್ಲಿಯ ರಕ್ತನಾಳಗಳನ್ನೂ ಕಿರಿದಾಗಿಸುತ್ತದೆ. ಬಿಗಿತ ಎಷ್ಟಿರುತ್ತದೆ ಎಂಬುದನ್ನು ರಕ್ತದೊತ್ತಡದ ಅಳತೆಯಲ್ಲಿಯೇ ಹೇಳಬಹುದು. ಸುಮ್ಮನಿರುವ ಗರ್ಭಕೋಶದೊಳಗಿನ ಒತ್ತಡ ಹತ್ತು ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರುತ್ತದೆ. ತೀವ್ರ ನೋವಿನ ಹೊತ್ತಿನಲ್ಲಿ ಅದು 150ನ್ನೂ ದಾಟಬಹುದು. ಹುಡುಗಿಯ ರಕ್ತದೊತ್ತಡ 110 ಅಥವಾ 120 ಇದ್ದರೆ, ಹಿಂಡುವ ಬಲವು ರಕ್ತವನ್ನು ನೂಕುವ ಬಲಕ್ಕಿಂತ ಹೆಚ್ಚಾಯಿತು ಎಂದೇ ಅರ್ಥ. ಒಗೆದ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದಾಗ ನೀರು ಹೊರಬರುವಂತೆ, ಆ ಕ್ಷಣ ಸ್ನಾಯುವಿನೊಳಗಿಂದ ರಕ್ತ ಹೊರದಬ್ಬಲ್ಪಡುತ್ತದೆ. ಆಮ್ಲಜನಕ ಸಿಗದ ಸ್ನಾಯು ನೋಯುತ್ತದೆ. ಹೃದಯದ ರಕ್ತನಾಳ ಕಟ್ಟಿದಾಗ ಎದೆ ನೋಯುವುದೂ ಇದೇ ಕಾರಣಕ್ಕೆ. ಇ2 ಎಂಬ ಇನ್ನೊಂದು ಬಗೆಯ ಪ್ರೊಸ್ಟಗ್ಲಾಂಡಿನ್ ನರಗಳ ತುದಿಗಳನ್ನು ಸೂಕ್ಷ್ಮಗೊಳಿಸಿ, ಸಣ್ಣ ನೋವನ್ನೂ ದೊಡ್ಡದಾಗಿ ಅನಿಸುವಂತೆ ಮಾಡುತ್ತದೆ. ಇವೇ ರಾಸಾಯನಿಕಗಳು ರಕ್ತದಲ್ಲಿ ಸ್ವಲ್ಪ ಸೇರಿ ಕರುಳಿಗೆ ಹೋದಾಗ ಕರುಳೂ ಹಿಂಡಿಕೊಳ್ಳುತ್ತದೆ. ಮುಟ್ಟಿನ ಮೊದಲ ದಿನ ನಾಲ್ಕು ಸಲ ಸಂಡಾಸಕ್ಕೆ ಹೋಗಬೇಕಾಗಿ ಬಂದವರು ಹಿಂದಿನ ರಾತ್ರಿಯ ಊಟವನ್ನು ದೂರಬೇಕಾಗಿಲ್ಲ.

ಗುಳಿಗೆಯ ಹೊತ್ತನ್ನು ಗೊತ್ತುಮಾಡಲು ಮುಖ್ಯವಾದ ಅಂಶ ಇಲ್ಲಿದೆ. ಪ್ರೊಸ್ಟಗ್ಲಾಂಡಿನ್ ಬಿಡುಗಡೆಯ ಬಹುಪಾಲು ಸ್ರಾವದ ಮೊದಲ 48 ಗಂಟೆಗಳಲ್ಲಿ ನಡೆಯುತ್ತದೆ. ನೋವು ತಡೆಯುವ ಐಬುಪ್ರೊಫೆನ್, ಮೆಫೆನಮಿಕ್ ಆಮ್ಲ, ನ್ಯಾಪ್ರೊಕ್ಸೆನ್ ಮೊದಲಾದ ಉರಿಯೂತ ನಿವಾರಕ ಗುಳಿಗೆಗಳು ಮಾಡುವ ಕೆಲಸವೆಂದರೆ ಸೈಕ್ಲೋಆಕ್ಸಿಜಿನೇಸ್ ಕಿಣ್ವವನ್ನು ಅಡ್ಡಗಟ್ಟುವುದು. ಕಿಣ್ವಕ್ಕೆ ತಡೆ ಬಿದ್ದರೆ ಹೊಸ ಪ್ರೊಸ್ಟಗ್ಲಾಂಡಿನ್ ತಯಾರಾಗುವುದು ಕಡಿಮೆಯಾಗುತ್ತದೆ. ಆದರೆ ಆಗಲೇ ತಯಾರಾಗಿ ಸ್ನಾಯುವನ್ನು ಹಿಂಡುತ್ತಿರುವ ಪ್ರೊಸ್ಟಗ್ಲಾಂಡಿನ್ ಅನ್ನು ಗುಳಿಗೆ ನಾಶ ಮಾಡಲಾರದು. ಅದು ತಾನಾಗಿ ಕರಗುವವರೆಗೆ ಕಾಯಬೇಕು. ಹಾಗಾಗಿ ನೋವಿನ ಶಿಖರದಲ್ಲಿ ನುಂಗಿದ ಗುಳಿಗೆ ನಿಷ್ಪ್ರಯೋಜಕವಾದಂತೆ ತೋರುತ್ತದೆ, ಮೊದಲ ಸುಳಿವಿಗೇ ನುಂಗಿದ ಅದೇ ಗುಳಿಗೆ ಸಮರ್ಥವೆನಿಸುತ್ತದೆ.

ಮೊದಲು ಒಂದು ತಿಂಗಳು ಬರೆದಿಡಿ

ಗುಳಿಗೆಗಿಂತ ಮೊದಲು ಬೇಕಾದದ್ದು ಒಂದು ಸಣ್ಣ ವಹಿ. ಸ್ರಾವ ಶುರುವಾದ ದಿನ ಮತ್ತು ಗಂಟೆ, ನೋವಿನ ಮೊದಲ ಸುಳಿವು ಯಾವಾಗ ಬಂತು, ಅದು ಯಾವ ರೂಪದಲ್ಲಿ ಬಂತು, ಏನು ನುಂಗಿದಿರಿ, ಯಾವಾಗ ನುಂಗಿದಿರಿ, ಯಾವಾಗ ಕಡಿಮೆಯಾಯಿತು ಎಂಬುದನ್ನು ಆಗಿಂದಾಗಲೇ ಬರೆಯಬೇಕು. ವಾರದ ನಂತರ ನೆನಪಿನಿಂದ ಬರೆದದ್ದು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ನೋವಿನ ಹೊತ್ತು ನೆನಪಿನಲ್ಲಿ ಸದಾ ಉದ್ದವಾಗಿಯೇ ಕಾಣುತ್ತದೆ.

ನನ್ನ ಅಕ್ಕನ ಮಗಳ ವಹಿಯ ಮೂರು ಪುಟಗಳನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬಿಡಿಸುತ್ತೇನೆ. ಅವಳಿಗೆ ಹತ್ತೊಂಬತ್ತು ವರ್ಷ, ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮುಟ್ಟು 28 ಅಥವಾ 29 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ. "ಚಿಗವ್ವ, ನೀ ಹೇಳಿದ ಗುಳಗಿ ತಗೊಂಡ್ರೂ ನನಗ ಕಡಿಮಿ ಆಗೂದಿಲ್ಲ" ಎಂದು ಅವಳು ಫೋನಿನಲ್ಲಿ ಅತ್ತಾಗ, ಮುಂದಿನ ಸಲ ಎಲ್ಲವನ್ನೂ ಬರೆದಿಡು ಎಂದೆ.

ಮೊದಲ ಪುಟದಲ್ಲಿ ಹೀಗಿತ್ತು. ಬೆಳಗಿನ ಐದಕ್ಕೆ ಸೊಂಟ ಜಗ್ಗಿದಂತಾಗಿ ಎಚ್ಚರವಾಯಿತು, ಆರೂವರೆಗೆ ಸ್ರಾವ ಕಂಡಿತು. ತಾನಾಗಿ ಹೋಗಬಹುದೆಂದು ಕಾದು, ಏನೂ ತಿನ್ನದೆ ಒಂಬತ್ತಕ್ಕೆ ಬಸ್ ಹತ್ತಿದಳು. ಹತ್ತೂವರೆಗೆ ತರಗತಿಯಲ್ಲಿ ಕೂರಲಾಗದಷ್ಟು ನೋವು. ಹನ್ನೊಂದಕ್ಕೆ ಬರೀ ಚಹಾ ಕುಡಿದು ಗುಳಿಗೆ ನುಂಗಿದಳು, ಹದಿನೈದು ನಿಮಿಷದಲ್ಲಿ ಅದು ವಾಂತಿಯಲ್ಲಿ ಹೊರಬಂತು. ಒಂದು ಗಂಟೆಗೆ ಮತ್ತೊಂದು ನುಂಗಿದಳು, ಮೂರರ ಹೊತ್ತಿಗೆ ನೋವು ಇಳಿಯಿತು. ವಾಸಿಯಾಯಿತೆಂದುಕೊಂಡು ಮತ್ತೆ ನುಂಗಲಿಲ್ಲ. ರಾತ್ರಿ ಹನ್ನೊಂದಕ್ಕೆ ನೋವು ಮರಳಿತು, ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಈ ಪುಟವನ್ನು ಮೇಲಿನ ವಿವರಣೆಯ ಪಕ್ಕದಲ್ಲಿಟ್ಟು ಓದಿದರೆ ಎಲ್ಲವೂ ತಿಳಿಯುತ್ತದೆ. ಐದು ಗಂಟೆಯ ಸೊಂಟದ ಜಗ್ಗುವಿಕೆಯೇ ಮೊದಲ ಸುಳಿವು. ಗುಳಿಗೆ ಹೊಟ್ಟೆಯಲ್ಲಿ ನಿಂತದ್ದು ಅದಾದ ಎಂಟು ಗಂಟೆಗೆ. ನಿಂತ ಗುಳಿಗೆ ಎರಡು ಗಂಟೆಯಲ್ಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಆದರೆ ಐಬುಪ್ರೊಫೆನ್‌ನ ಪ್ರಭಾವ ಆರರಿಂದ ಎಂಟು ಗಂಟೆ ಮಾತ್ರ. ಅದು ಮುಗಿದಾಗ ಕಿಣ್ವದ ಮೇಲಿನ ತಡೆ ತೆರೆಯಿತು, 48 ಗಂಟೆಗಳ ಅವಧಿ ಇನ್ನೂ ಬಾಕಿ ಇತ್ತು, ನೋವು ಹಿಂತಿರುಗಿತು. ಗುಳಿಗೆಯಲ್ಲಿ ದೋಷವಿರಲಿಲ್ಲ.

ಗುಳಿಗೆಯ ಕ್ರಮ

ಅವಳು ಆ ವಹಿ ಹಿಡಿದುಕೊಂಡು ಧಾರವಾಡದಲ್ಲಿಯೇ ಒಬ್ಬ ವೈದ್ಯೆಯ ಬಳಿಗೆ ಹೋದಳು. ನೋವಿನ ಚಹರೆ ಮೇಲೆ ಹೇಳಿದಂತೆಯೇ ಇದ್ದುದರಿಂದ ವೈದ್ಯೆ ಪ್ರಶ್ನೆಗಳನ್ನು ಕೇಳಿ, ಹೊಟ್ಟೆಯನ್ನು ಹೊರಗಿನಿಂದ ಮುಟ್ಟಿ ನೋಡಿ, ಇಷ್ಟೇ ಸಾಕು ಎಂದರು. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಒಳಗಿನಿಂದ ಪರೀಕ್ಷೆ ಮಾಡುತ್ತಾರೆಂಬ ಅಂಜಿಕೆಯಿಂದಲೇ ಎಷ್ಟೋ ತಾಯಂದಿರು ಮದುವೆಯಾಗದ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯುವುದಿಲ್ಲ. ಈ ನೋವನ್ನು ಮುಖ್ಯವಾಗಿ ಅದರ ವಿವರ ಕೇಳಿಯೇ ಗುರುತಿಸುತ್ತಾರೆ, ಸಾಮಾನ್ಯ ಚಹರೆಯಿದ್ದಾಗ ಒಳಪರೀಕ್ಷೆಯ ಅಗತ್ಯವಿಲ್ಲ.

ವೈದ್ಯೆ ಬರೆದದ್ದು ಐಬುಪ್ರೊಫೆನ್ 400 ಮಿಲಿಗ್ರಾಂ. ವಯಸ್ಕರಿಗೆ ಒಂದು ಸಲಕ್ಕೆ ಒಂದು, ಆರರಿಂದ ಎಂಟು ಗಂಟೆಯ ಅಂತರ, 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚಿಲ್ಲ, ಅಂದರೆ 1200 ಮಿಲಿಗ್ರಾಂ ಮೇರೆ. ಹದಿನೆಂಟು ತುಂಬದವರಿಗೆ ತೂಕ ನೋಡಿ ವೈದ್ಯರೇ ಪ್ರಮಾಣ ಹೇಳಬೇಕು. ಮೊದಲ ಸುಳಿವಿಗೆ ಮೊದಲ ಗುಳಿಗೆ. ಸುಳಿವು ಎಲ್ಲರಿಗೂ ಒಂದೇ ಅಲ್ಲ. ಒಬ್ಬರಿಗೆ ಸೊಂಟ ಜಗ್ಗುತ್ತದೆ, ಇನ್ನೊಬ್ಬರಿಗೆ ತೊಡೆ ಭಾರವಾಗುತ್ತದೆ, ಮತ್ತೊಬ್ಬರಿಗೆ ಸ್ರಾವದ ಕಲೆಯೇ ಮೊದಲ ಸುಳಿವು. ಅದನ್ನು ತಿಳಿಸಿಕೊಡುವುದು ವಹಿಯೇ. ಮುಟ್ಟಿನ ದಿನ ಕರಾರುವಾಕ್ಕಾಗಿ ಗೊತ್ತಾಗುವವರು, ವೈದ್ಯರು ಒಪ್ಪಿದರೆ, ಹಿಂದಿನ ದಿನವೇ ಶುರುಮಾಡಬಹುದು. ಆದರೆ ಗರ್ಭ ನಿಂತಿರುವ ಸಾಧ್ಯತೆ ಸ್ವಲ್ಪವಾದರೂ ಇರುವವರು ಸ್ರಾವ ಕಾಣುವವರೆಗೆ ಕಾಯಬೇಕು, ಏಕೆಂದರೆ ಈ ಗುಳಿಗೆಗಳು ಗರ್ಭಿಣಿಯರಿಗೆ ಸಲ್ಲುವುದಿಲ್ಲ.

ಆಮೇಲಿನದು ಗಡಿಯಾರದ ಕೆಲಸ. ನೋವು ಮರಳುವುದನ್ನು ಕಾಯದೆ, ಮೊದಲ ಎರಡು ದಿನ ಎಂಟು ಗಂಟೆಗೊಮ್ಮೆ ನುಂಗಬೇಕು. ಮೂರನೆಯ ದಿನ ನೋವಿಲ್ಲದಿದ್ದರೆ ನಿಲ್ಲಿಸಬೇಕು. ಪ್ರತಿ ಸಲವೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಅರ್ಧ ರೊಟ್ಟಿ, ಒಂದು ಬಟ್ಟಲು ಮೊಸರನ್ನ, ಒಂದು ಹಿಡಿ ಅವಲಕ್ಕಿ, ಒಂದು ಲೋಟ ಹಾಲು, ಯಾವುದಾದರೂ ಆದೀತು. ಖಾರದ ಮಿರ್ಚಿ ಭಜಿ ಮತ್ತು ಚಹಾ ಇದಕ್ಕೆ ಲೆಕ್ಕವಲ್ಲ. ಏಕಾದಶಿ, ಶ್ರಾವಣ ಸೋಮವಾರ ಎಂದು ನಿರಾಹಾರ ಉಪವಾಸ ಮಾಡುವವರು ಆ ದಿನ ಒಂದೋ ಉಪವಾಸ ಬಿಡಬೇಕು, ಇಲ್ಲವೇ ಗುಳಿಗೆ ಬಿಟ್ಟು ಕಾವನ್ನೇ ನೆಚ್ಚಬೇಕು. ನುಂಗಿದ ಮೇಲೆ ವಾಂತಿಯಾದರೆ, ಗುಳಿಗೆಯೇ ಹೊರಬಿದ್ದದ್ದು ಕಣ್ಣಿಗೆ ಕಂಡಾಗ ಮಾತ್ರ ಇನ್ನೊಂದನ್ನು ನುಂಗಬಹುದು. ಕಾಣದಿದ್ದರೆ ಮುಂದಿನ ಹೊತ್ತಿನವರೆಗೆ ಕಾಯುವುದು ಕ್ಷೇಮ.

ಅವಳ ಎರಡನೆಯ ಪುಟ ಹೀಗಿದೆ. ಸಂಜೆ ಎಂಟಕ್ಕೆ ಸೊಂಟ ಜಗ್ಗಿತು. ಊಟ ಮಾಡಿ ಎಂಟೂವರೆಗೆ ಮೊದಲ ಗುಳಿಗೆ ನುಂಗಿ ಮಲಗಿದಳು. ರಾತ್ರಿ ಸ್ರಾವ ಶುರುವಾಯಿತು. ಬೆಳಗಿನ ಐದಕ್ಕೆ ನೋವಿನಿಂದಲೇ ಎಚ್ಚರವಾಯಿತು, ಏಕೆಂದರೆ ಅಷ್ಟರಲ್ಲಿ ಎಂಟೂವರೆ ಗಂಟೆ ಕಳೆದು ಮೊದಲ ಗುಳಿಗೆಯ ಪ್ರಭಾವ ತೀರಿತ್ತು. ಹಾಲು ಕುಡಿದು ಎರಡನೆಯದನ್ನು ನುಂಗಿ, ಬಿಸಿನೀರಿನ ಚೀಲ ಇಟ್ಟುಕೊಂಡಳು. ಆರೂವರೆಯ ಹೊತ್ತಿಗೆ ಸಮಾಧಾನ. ಮಧ್ಯಾಹ್ನ ಒಂದಕ್ಕೆ ಮೂರನೆಯದು, ರಾತ್ರಿ ಒಂಬತ್ತಕ್ಕೆ ಮರುದಿನದ ಲೆಕ್ಕದ ಮೊದಲನೆಯದು. ಮೂರನೆಯ ತಿಂಗಳು ಅವಳು ಒಂದೇ ಒಂದು ಬದಲಾವಣೆ ಮಾಡಿದಳು. ರಾತ್ರಿಯ ಗುಳಿಗೆಯನ್ನು ಮಲಗುವ ಹತ್ತು ಗಂಟೆಗೆ ಇಟ್ಟುಕೊಂಡು, ಬೆಳಗಿನ ಆರಕ್ಕೆ ಎಚ್ಚರಿಸುವಂತೆ ಮೊಬೈಲಿನಲ್ಲಿ ಗಂಟೆ ಇಟ್ಟಳು. ಗುಳಿಗೆಯ ಹೊತ್ತು ಆರು, ಎರಡು, ಹತ್ತು. ಹತ್ತು ಅಂಕಗಳಿಗೆ ಒಂಬತ್ತು ಎಂದು ಬರೆಯುತ್ತಿದ್ದ ನೋವನ್ನು ಆ ತಿಂಗಳು ಮೂರು ಎಂದು ಬರೆದಿದ್ದಾಳೆ, ಎರಡೂ ದಿನ ತರಗತಿಗೆ ಹೋಗಿದ್ದಾಳೆ. ಸೊನ್ನೆಯಾಗಲಿಲ್ಲ. ಸೊನ್ನೆಯಾಗುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ.

ನಮ್ಮ ಕಡೆ ಅತಿ ಹೆಚ್ಚು ಮಾರಾಟವಾಗುವುದು ಮೆಫೆನಮಿಕ್ ಆಮ್ಲ 250 ಮಿಲಿಗ್ರಾಂ ಮತ್ತು ಡೈಸೈಕ್ಲೊಮಿನ್ 10 ಮಿಲಿಗ್ರಾಂ ಕೂಡಿದ ಗುಳಿಗೆ. ಇದರಲ್ಲಿ ಮೆಫೆನಮಿಕ್ ಆಮ್ಲ ಐಬುಪ್ರೊಫೆನ್‌ನ ಬಳಗದ್ದೇ. ಡೈಸೈಕ್ಲೊಮಿನ್ ಮಾತ್ರ ಬೇರೆ: ಅದು ಸ್ನಾಯುವಿನ ಸೆಳೆತವನ್ನು ಸಡಿಲಿಸಲೆಂದು ಸೇರಿಸಿದ್ದು, ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಡೆಯುವುದಿಲ್ಲ, ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ತೂಕಡಿಕೆ ಬರುವುದು ಅದರಿಂದಲೇ. ಪರೀಕ್ಷೆಯ ದಿನ ಅಥವಾ ಸ್ಕೂಟರ್ ಓಡಿಸುವ ದಿನ ಇದನ್ನು ಗಮನದಲ್ಲಿಡಬೇಕು. ಮೆಫೆನಮಿಕ್ ಆಮ್ಲವನ್ನು ವೈದ್ಯರ ಚೀಟಿಯ ಮೇಲೆ ಕೊಡಬೇಕೆಂಬ ನಿಯಮವಿದೆ, ಅದಕ್ಕೆ ತಕ್ಕ ಕಾರಣವೂ ಇದೆ. ಅಪರೂಪಕ್ಕೆ ಕೆಲವರಲ್ಲಿ ಇದು ಜ್ವರ, ಮೈಯೆಲ್ಲ ದದ್ದು, ಮುಖ ಬಾವು, ಒಳಾಂಗಗಳ ತೊಂದರೆ ಕೂಡಿದ ತೀವ್ರ ಅಲರ್ಜಿಯನ್ನು ಉಂಟುಮಾಡುತ್ತದೆ ಎಂದು ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಎಚ್ಚರಿಕೆ ಹೊರಡಿಸಿದೆ. ಈ ಅಲರ್ಜಿ ಗುಳಿಗೆ ನುಂಗಿದ ದಿನವೇ ಬರದೆ ಎರಡರಿಂದ ಎಂಟು ವಾರಗಳ ನಂತರವೂ ಬರಬಹುದು. ಆದ್ದರಿಂದ ದದ್ದು ತೋರಿಸಲು ಹೋದಾಗ ಕಳೆದ ತಿಂಗಳು ನುಂಗಿದ ಗುಳಿಗೆಯ ಹೆಸರನ್ನೂ ವೈದ್ಯರಿಗೆ ಹೇಳಬೇಕು.

ಒಂದರಿಂದ ಕಡಿಮೆಯಾಗಲಿಲ್ಲವೆಂದು ಇನ್ನೊಂದು ಹೆಸರಿನ ಗುಳಿಗೆಯನ್ನು ಮೇಲಿಂದ ನುಂಗುವುದು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ಅಪಾಯದ್ದು. ಡೈಕ್ಲೊಫೆನಾಕ್, ಏಸಿಕ್ಲೊಫೆನಾಕ್, ನಿಮೆಸುಲೈಡ್ ಎಲ್ಲವೂ ಇದೇ ಬಳಗದವು. ಎರಡು ಕೂಡಿದರೆ ನೋವು ಇಮ್ಮಡಿ ಇಳಿಯುವುದಿಲ್ಲ, ಹೊಟ್ಟೆಯ ಹುಣ್ಣಿನ ಅಪಾಯ ಮಾತ್ರ ಏರುತ್ತದೆ. ಅಂಗಡಿಯಲ್ಲಿ ಗುಳಿಗೆಯ ಪೊಟ್ಟಣದ ಹಿಂಭಾಗದ ಸಣ್ಣ ಅಕ್ಷರದ ಹೆಸರನ್ನು ಓದಿಸಿಕೊಳ್ಳಿ, ದೊಡ್ಡ ಅಕ್ಷರದ ಹೆಸರು ಕಂಪನಿಯದು. ಪ್ಯಾರಾಸಿಟಮಾಲ್ ಬೇರೆ ಬಳಗದ್ದು. ಗರ್ಭಕೋಶದ ಮಟ್ಟದಲ್ಲಿ ಅದರ ತಡೆ ದುರ್ಬಲವಾದ್ದರಿಂದ ಈ ನೋವಿಗೆ ಅದು ಎರಡನೆಯ ಆಯ್ಕೆ, ಆದರೆ ಉರಿಯೂತ ನಿವಾರಕ ನುಂಗಬಾರದವರಿಗೆ ಉಳಿಯುವುದು ಅದೇ.

ಯಾರು ನುಂಗಬಾರದು ಎಂಬುದೂ ಅದೇ ಕಿಣ್ವದಿಂದಲೇ ತಿಳಿಯುತ್ತದೆ. ಪ್ರೊಸ್ಟಗ್ಲಾಂಡಿನ್ ಗರ್ಭಕೋಶವನ್ನು ಹಿಂಡುವುದಷ್ಟೇ ಅಲ್ಲ, ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಗುಳಿಗೆ ಅಲ್ಲಿಯೂ ತಡೆ ಒಡ್ಡುತ್ತದೆ. ಹೊಟ್ಟೆಹುಣ್ಣು ಇದ್ದವರು, ಮೂತ್ರಪಿಂಡದ ಕಾಯಿಲೆಯವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಆಸ್ಪಿರಿನ್‌ನಂಥ ಗುಳಿಗೆಯಿಂದ ದಮ್ಮು ಕೆರಳುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ವಾಂತಿ ಭೇದಿಯಿಂದ ನೀರಿನಂಶ ಕಳೆದುಕೊಂಡವರು, ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ನೀರು ಕುಡಿಯದೆ ದುಡಿದು ಬಂದವರು ಮೊದಲು ನೀರು, ಮಜ್ಜಿಗೆ ಅಥವಾ ಓಆರ್‌ಎಸ್ ಕುಡಿದು ಚೇತರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಮುಟ್ಟಿನ ಜೊತೆಗೇ ಜ್ವರ ಬಂದರೆ ಡೆಂಗ್ಯೂ ಅಲ್ಲವೆಂದು ತಿಳಿಯುವವರೆಗೆ ಈ ಬಳಗದ ಗುಳಿಗೆ ಬೇಡ. ಡೆಂಗ್ಯೂವಿನಲ್ಲಿ ಇವು ರಕ್ತಸ್ರಾವವನ್ನು ಹೆಚ್ಚಿಸಬಹುದು.

"ಗುಳಗಿ ತಗೊಂಡ್ರ ಮುಂದ ಮಕ್ಕಳಾಗೂದಿಲ್ಲಂತ" ಎಂಬ ಅಂಜಿಕೆಯನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮುಟ್ಟಿನ ಎರಡು ದಿನ ಸರಿಯಾದ ಪ್ರಮಾಣದಲ್ಲಿ ನುಂಗಿದ ಗುಳಿಗೆ ಗರ್ಭಕೋಶವನ್ನು ಕೆಡಿಸುವುದಿಲ್ಲ, ಅದರ ಪ್ರಭಾವ ಗಂಟೆಗಳಲ್ಲಿ ತೀರಿಹೋಗುತ್ತದೆ.

ಕಾವು ಕೊಡುವ ಬಗೆ

ಗುಳಿಗೆ ಹೊಟ್ಟೆ ಸೇರಿ ಕೆಲಸ ಶುರುಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಬೇಕು. ಆ ನಡುವಿನ ಹೊತ್ತನ್ನು ತುಂಬುವುದು ಕಾವು. ಬಿಸಿ ತಾಗಿದ ಕಡೆ ರಕ್ತನಾಳಗಳು ಹಿಗ್ಗಿ ರಕ್ತದ ಹರಿವು ಹೆಚ್ಚುತ್ತದೆ, ಬಿಗಿದ ಸ್ನಾಯು ಸಡಿಲುತ್ತದೆ, ಚರ್ಮದ ಬಿಸಿಯ ಸಂದೇಶ ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿಯೇ ತಗ್ಗಿಸುತ್ತದೆ. ಇದು ಬರೀ ಮನೆಮದ್ದಿನ ಮಾತಲ್ಲ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ 12 ಗಂಟೆ ಕಿಬ್ಬೊಟ್ಟೆಗೆ ಅಂಟಿಸಿಕೊಳ್ಳುವ ಬಿಸಿ ಪಟ್ಟಿಯನ್ನು ದಿನಕ್ಕೆ ಮೂರು ಸಲದ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ ಹೋಲಿಸಿದರು. ಪಟ್ಟಿಯೊಂದೇ ಗುಳಿಗೆಯಷ್ಟೇ ನೋವನ್ನು ಇಳಿಸಿತು. ಎರಡೂ ಕೂಡಿದಾಗ ಗಮನಾರ್ಹ ಸಮಾಧಾನ ಸುಮಾರು ಒಂದೂವರೆ ಗಂಟೆಯಲ್ಲಿ ಸಿಕ್ಕಿತು, ಗುಳಿಗೆಯೊಂದರಿಂದಲೇ ಆದರೆ ಸುಮಾರು ಎರಡು ಮುಕ್ಕಾಲು ಗಂಟೆ ಬೇಕಾಯಿತು.

ಆ ಪಟ್ಟಿಯ ಬಿಸಿ ಎಷ್ಟಿತ್ತು ಎಂಬುದೇ ನನಗೆ ಮುಖ್ಯವೆನಿಸಿದ್ದು: 38.9 ಡಿಗ್ರಿ ಸೆಲ್ಸಿಯಸ್. ಇದು ಮೈಯ ಬಿಸಿಗಿಂತ ಎರಡು ಡಿಗ್ರಿ ಮಾತ್ರ ಹೆಚ್ಚು. ನಮ್ಮ ಮನೆಗಳಲ್ಲಿ ಕಾಸುವ ಕ್ರಮ ಇದಕ್ಕೆ ತಿರುವುಮುರುವು. ರೊಟ್ಟಿಯ ಹಂಚಿನ ಮೇಲೆ ಅರಿವೆ ಸುಡಸುಡ ಕಾಯಿಸಿ, ಹಲ್ಲು ಕಚ್ಚಿ ಐದು ನಿಮಿಷ ಒತ್ತಿಕೊಂಡು, ಚರ್ಮ ಕೆಂಪಾದ ಮೇಲೆ ಬಿಟ್ಟುಬಿಡುತ್ತಾರೆ. ನಮ್ಮ ಅವ್ವನೂ ನನಗೆ ಹಾಗೆಯೇ ಕಾಸುತ್ತಿದ್ದಳು. ಅವಳ ಕೈಯ ಅಕ್ಕರೆ ನಿಜ, ಆದರೆ ಆ ಕಾವು ಒಳಗಿಳಿಯುವ ಮೊದಲೇ ಮುಗಿಯುತ್ತಿತ್ತು. ಹದವಾದ ಕಾವು, ಬಹಳ ಹೊತ್ತು: ಬೇಕಾದದ್ದು ಇದು.

ರಬ್ಬರಿನ ಬಿಸಿನೀರಿನ ಚೀಲವಿದ್ದರೆ ಕುದಿಯುವ ನೀರನ್ನು ಹಾಕಬಾರದು. ಒಲೆಯಿಂದ ಇಳಿಸಿ ಕೆಲವು ನಿಮಿಷ ಬಿಟ್ಟು, ಮೂರರಲ್ಲಿ ಎರಡು ಭಾಗ ತುಂಬಿ, ಚೀಲವನ್ನು ಮೆಲ್ಲಗೆ ಒತ್ತಿ ಗಾಳಿ ಹೊರಹಾಕಿ, ಬಿರಡೆ ತಿರುಗಿಸಿ, ತಲೆಕೆಳಗು ಹಿಡಿದು ಸೋರುವುದಿಲ್ಲವೆಂದು ನೋಡಬೇಕು. ಒಂದು ದಪ್ಪ ಟವೆಲ್ ಸುತ್ತಿ ಹೊಕ್ಕುಳಿನ ಕೆಳಗೆ ಇಟ್ಟುಕೊಳ್ಳಬೇಕು. ಚುರುಗುಟ್ಟದೆ ಹಿತವಾಗಿದ್ದರೆ ಹದ ಸರಿಯಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಚರ್ಮ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡಬಹುದು. ಸೊಂಟದ ನೋವೇ ಹೆಚ್ಚಿದ್ದವರು ಬೆನ್ನಿನ ಕೆಳಭಾಗಕ್ಕೆ ಇಟ್ಟುಕೊಳ್ಳಬಹುದು, ಆದರೆ ಚೀಲದ ಮೇಲೆ ಭಾರ ಬಿಟ್ಟು ಮಲಗಬಾರದು, ಒಡೆಯುತ್ತದೆ. ಚೀಲವಿಲ್ಲದಿದ್ದರೆ ಹಂಚಿನ ಮೇಲೆ ಹರಳುಪ್ಪು ಹುರಿದು ದಪ್ಪ ಅರಿವೆಯಲ್ಲಿ ಗಂಟು ಕಟ್ಟಿಕೊಳ್ಳಬಹುದು. ಉಪ್ಪು ನೀರಿಗಿಂತ ಬಹಳ ಹೆಚ್ಚು ಬಿಸಿಯಾಗುವುದರಿಂದ ಮೊದಲು ಮುಂಗೈಗೆ ತಾಗಿಸಿ ನೋಡುವುದು ಕಡ್ಡಾಯ. ತರಗತಿ, ಕಚೇರಿ, ಬಸ್ಸಿನಲ್ಲಿ ಅಂಟಿಸಿಕೊಳ್ಳುವ ಬಿಸಿ ಪಟ್ಟಿ ಅನುಕೂಲ. ಅದನ್ನು ಒಳಉಡುಪಿನ ಮೇಲೆ ಅಂಟಿಸಬೇಕು, ಬರಿಯ ಚರ್ಮಕ್ಕಲ್ಲ. ಹೊಟ್ಟೆಯ ಮೇಲೆ ಬಲೆಯಂತೆ ಕಂದುಗೆರೆಗಳು ಮೂಡಿದರೆ ತಿಂಗಳಿಂದ ತಿಂಗಳಿಗೆ ಕಾವು ಅತಿಯಾಗಿದೆ ಎಂದು ಅರ್ಥ, ಆಗ ಬಿಸಿ ತಗ್ಗಿಸಬೇಕು. ನೋವಿಗೆ ಹಚ್ಚುವ ಮುಲಾಮು ಬಳಿದುಕೊಂಡು ಅದರ ಮೇಲೆ ಚೀಲ ಇಟ್ಟರೆ ಚರ್ಮ ಸುಡುತ್ತದೆ.

ಈ ಕ್ರಮದ ಮೇರೆ

ಸರಿಯಾದ ಪ್ರಮಾಣ, ಸರಿಯಾದ ಹೊತ್ತು, ಜೊತೆಗೆ ಕಾವು, ಇವನ್ನು ಮೂರು ತಿಂಗಳು ಪಾಲಿಸಿ ವಹಿಯಲ್ಲಿ ಬರೆದ ಮೇಲೂ ನೋವು ಇಳಿಯದಿದ್ದರೆ ಗುಳಿಗೆ ಹೆಚ್ಚಿಸಬಾರದು, ವೈದ್ಯರಲ್ಲಿಗೆ ಹೋಗಬೇಕು. ಪ್ರೊಸ್ಟಗ್ಲಾಂಡಿನ್ ಒಂದೇ ಕಾರಣವಾಗಿರದ ನೋವು ಇರಬಹುದು. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದಿರುತ್ತದೆ. ಅದು ಹದಿಹರೆಯದವರಲ್ಲಿಯೂ ಇರುತ್ತದೆ. ಮೂರು ತಿಂಗಳು ಕಾಯದೆ ಮೊದಲೇ ಹೋಗಬೇಕಾದ ಸಂದರ್ಭಗಳೂ ಇವೆ. ವರ್ಷಗಟ್ಟಲೆ ನೋವಿಲ್ಲದಿದ್ದು ಇಪ್ಪತ್ತೈದರ ನಂತರ ಹೊಸದಾಗಿ ಶುರುವಾದದ್ದು, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿರುವುದು, ಮುಟ್ಟು ನಿಂತ ಮೇಲೂ ಉಳಿಯುವುದು, ಮಲವಿಸರ್ಜನೆಯಲ್ಲಿ ಅಥವಾ ಸಂಭೋಗದಲ್ಲಿ ನೋಯುವುದು, ಒಂದೆರಡು ಗಂಟೆಗೊಂದು ಪ್ಯಾಡ್ ತುಂಬುವಷ್ಟು ಸ್ರಾವ, ಇವು ಯಾವುದೂ ಮೇಲೆ ಹೇಳಿದ ಚಹರೆಗೆ ಸೇರಿದವಲ್ಲ. ದುರ್ವಾಸನೆಯ ಸ್ರಾವದೊಂದಿಗೆ ಜ್ವರವಿದ್ದರೆ, ಅಥವಾ ಮುಟ್ಟು ತಪ್ಪಿ ಒಂದು ಬದಿಗೆ ತೀವ್ರ ನೋವು ಬಂದು ತಲೆ ಸುತ್ತಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎರಡನೆಯದು ಗರ್ಭಕೋಶದ ಹೊರಗೆ ನಿಂತ ಗರ್ಭವಾಗಿದ್ದರೆ ಜೀವಕ್ಕೇ ಅಪಾಯ.

ಗದಗದ ಜಿಮ್ಸ್ ಆಸ್ಪತ್ರೆ, ಹಿಂದೆ ಕಿಮ್ಸ್ ಎನಿಸಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆ, ಹಾವೇರಿಯ ಜಿಲ್ಲಾಸ್ಪತ್ರೆ ಎಲ್ಲ ಕಡೆ ಸ್ತ್ರೀರೋಗ ವಿಭಾಗವಿದೆ. ಅಲ್ಲಿ ಸರದಿ ಉದ್ದವಿರುತ್ತದೆ, ವೈದ್ಯರ ಮುಂದೆ ಸಿಗುವ ಹೊತ್ತು ಕಡಿಮೆ. ಆಗ "ಬಾಳ ನೂಸತೈತ್ರಿ" ಎನ್ನುವುದರ ಬದಲು ವಹಿಯನ್ನು ಮುಂದಿಟ್ಟು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೊಮ್ಮೆ, ಎಷ್ಟು ತಿಂಗಳು ನುಂಗಿದೆ, ಆದರೂ ಯಾವ ದಿನ ಎಷ್ಟು ನೋವು ಉಳಿಯಿತು ಎಂದು ಹೇಳಿದರೆ, ವೈದ್ಯರು ಹಾರ್ಮೋನು ಗುಳಿಗೆ ಕೊಡಬೇಕೋ ಬೇರೆ ಕಾರಣ ಹುಡುಕಬೇಕೋ ಎಂಬುದನ್ನು ಆಗಲೇ ತೀರ್ಮಾನಿಸಬಲ್ಲರು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲವೆಂದು ಹಿಂದಕ್ಕೆ ಕಳಿಸಿದರೆ, ಎಂಡೊಮೆಟ್ರಿಯೋಸಿಸ್ ಇದ್ದರೂ ಸ್ಕ್ಯಾನಿಂಗ್ ಸರಿಯಾಗಿಯೇ ಕಾಣಬಹುದೆಂಬುದನ್ನು ನೆನಪಿಟ್ಟುಕೊಂಡು, ನೋವು ಹಾಗೆಯೇ ಇದೆಯೆಂದು ಮತ್ತೊಮ್ಮೆ ಹೋಗಿ ಹೇಳಿ.